ಗುಮಾಸ್ತರ ಕೈಗೆ ಇ-ಮೇಲ್ ಪೆಟ್ಟಿಗೆ



ವಕೀಲರ ಕಚೇರಿಗಳಲ್ಲಿ ಟಪಾಲು ಒಡೆಯುವ ಕೆಲಸ ಬಹುಕಾಲದಿಂದ ಗುಮಾಸ್ತರದು. ಅಂಚೆಯವರು ಕೊಟ್ಟುಹೋದ ಲಕೋಟೆಗಳನ್ನು ಅವರು ಒಡೆದು, ತಾರೀಕಿನ ಮೊಹರು ಒತ್ತಿ, ಆಯಾ ಕಡತಕ್ಕೆ ಸೇರಿಸುತ್ತಿದ್ದರು. ಮೂಲೆಯಲ್ಲಿ ‘ಖಾಸಗಿ’ ಎಂದು ಬರೆದ ಲಕೋಟೆ ಬಂದರೆ ಅದನ್ನು ಮಾತ್ರ ಒಡೆಯದೆ ಯಜಮಾನರ ಮೇಜಿನ ಮೇಲೆ ಇಡುತ್ತಿದ್ದರು. ಯಾರೂ ಬರೆದಿಡದ, ಆದರೆ ಎಲ್ಲರೂ ಪಾಲಿಸಿದ ನಿಯಮವದು. ಇ-ಮೇಲ್ ಬಂದ ಮೇಲೆ ಟಪಾಲು ಇದೆ, ಗುಮಾಸ್ತರಿದ್ದಾರೆ. ಒಡೆಯದೆ ಪಕ್ಕಕ್ಕಿಡಬಹುದಾದ ಲಕೋಟೆ ಮಾತ್ರ ಇಲ್ಲವಾಗಿದೆ. ಅದರಿಂದ ಆದ ಒಂದು ಪ್ರಸಂಗವನ್ನು ಈ ತಿಂಗಳು ನಿಮ್ಮ ಮುಂದಿಡುತ್ತಿದ್ದೇವೆ.

ನಮ್ಮ ಪರಿಚಯದ ವಕೀಲರೊಬ್ಬರ ಕಚೇರಿ ಪುತ್ತೂರಿನಲ್ಲಿದೆ. ವಾರದಲ್ಲಿ ಕೆಲವು ದಿನ ಅವರು ಸುಳ್ಯದ ನ್ಯಾಯಾಲಯಕ್ಕೆ ಹೋಗಬೇಕು. ಕಡಬ ಪ್ರತ್ಯೇಕ ತಾಲ್ಲೂಕಾಗುವ ಮೊದಲು ಪುತ್ತೂರಿಗೇ ಸೇರಿದ್ದುದರಿಂದ ಆ ಕಡೆಯ ಕಕ್ಷಿದಾರರೂ ಅವರಿಗೆ ಬಹಳ. ಅವರು ಸುಳ್ಯದಲ್ಲಿರುವಾಗ ಪುತ್ತೂರಿನ ಕಚೇರಿಗೆ ಬರುವ ಇ-ಮೇಲ್‌ಗಳನ್ನು ನೋಡುವವರು ಯಾರು? ಮೊದಲು ಅವರು ಸುಲಭದ ದಾರಿ ಹಿಡಿದರು: ತಮ್ಮ ಜಿ-ಮೇಲ್ ಖಾತೆಯ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಗುಮಾಸ್ತರಿಗೆ ಕೊಟ್ಟರು.

ಪಾಸ್‌ವರ್ಡ್ ಕೊಡುವುದೆಂದರೆ ಟಪಾಲು ಓದಲು ಬಿಡುವುದಷ್ಟೇ ಅಲ್ಲ. ಅದನ್ನು ಹಿಡಿದವರು ಪಾಸ್‌ವರ್ಡನ್ನೇ ಬದಲಿಸಬಲ್ಲರು. ಅದೇ ಖಾತೆಯಲ್ಲಿರುವ ಭಾವಚಿತ್ರಗಳನ್ನೂ ಕಾಗದಪತ್ರಗಳನ್ನೂ ನೋಡಬಲ್ಲರು. ಅವರು ಕಳುಹಿಸಿದ ಉತ್ತರಕ್ಕೂ ಯಜಮಾನರು ಕಳುಹಿಸಿದ ಉತ್ತರಕ್ಕೂ ಯಾವ ವ್ಯತ್ಯಾಸವೂ ಕಾಣದು. ಇದನ್ನು ಬಲ್ಲವರು ತಿಳಿಸಿದ ಮೇಲೆ ವಕೀಲರು ಪಾಸ್‌ವರ್ಡ್ ಬದಲಿಸಿ, ಜಿ-ಮೇಲ್‌ನಲ್ಲಿಯೇ ಇರುವ ಪ್ರತಿನಿಧಿ ವ್ಯವಸ್ಥೆಯನ್ನು ಮಾಡಿಕೊಂಡರು.

ಅದನ್ನು ಮಾಡುವ ಕ್ರಮ ಕಷ್ಟದ್ದಲ್ಲ. ಕಂಪ್ಯೂಟರಿನಲ್ಲಿ ಜಿ-ಮೇಲ್ ತೆರೆದು, ಮೇಲೆ ಕಾಣುವ ಹಲ್ಲುಚಕ್ರದ ಗುರುತನ್ನು ಒತ್ತಿ See all settings ಎಂಬಲ್ಲಿಗೆ ಹೋಗಬೇಕು. ಅಲ್ಲಿ Accounts and Import ಎಂಬ ವಿಭಾಗದಲ್ಲಿ Grant access to your account ಎಂಬ ಸಾಲು ಸಿಗುತ್ತದೆ. Add another account ಒತ್ತಿ ಗುಮಾಸ್ತರ ಸ್ವಂತ ಜಿ-ಮೇಲ್ ವಿಳಾಸವನ್ನು ಬರೆದರೆ ಅವರಿಗೊಂದು ಕೋರಿಕೆಯ ಪತ್ರ ಹೋಗುತ್ತದೆ. ಒಂದು ವಾರದೊಳಗೆ ಅವರು ಅದನ್ನು ಒಪ್ಪಬೇಕು. ಇಲ್ಲವಾದರೆ ಕೋರಿಕೆ ರದ್ದಾಗುತ್ತದೆ. ಒಪ್ಪಿದ ಮೇಲೂ ವ್ಯವಸ್ಥೆ ಜಾರಿಗೆ ಬರಲು ಒಂದು ದಿನ ಹಿಡಿಯಬಹುದು. ಆಮೇಲೆ ಗುಮಾಸ್ತರು ತಮ್ಮದೇ ಪಾಸ್‌ವರ್ಡಿನಿಂದ ತಮ್ಮ ಖಾತೆಗೆ ಬಂದು, ಅಲ್ಲಿಂದಲೇ ಯಜಮಾನರ ಪೆಟ್ಟಿಗೆಯನ್ನು ತೆರೆಯಬಹುದು. ಪತ್ರ ಓದಬಹುದು, ಉತ್ತರ ಕಳುಹಿಸಬಹುದು, ಅಳಿಸಬಹುದು. ಯಜಮಾನರ ಪಾಸ್‌ವರ್ಡ್ ಬದಲಿಸಲಾರರು, ಅವರ ಹೆಸರಿನಲ್ಲಿ ಚಾಟ್ ಮಾಡಲಾರರು.

ಇಷ್ಟಾದ ಮೇಲೆ ವಕೀಲರು ನಿಶ್ಚಿಂತರಾದರು. ಆದರೆ ಎರಡು ತಿಂಗಳೊಳಗೆ ಎರಡು ಪ್ರಸಂಗಗಳು ನಡೆದವು.

ಮೊದಲನೆಯದು ಚಿಕ್ಕದು. ವಕೀಲರ ತಂಗಿ ತಾಯಿಯ ಔಷಧದ ವಿಷಯವಾಗಿ ಪತ್ರ ಬರೆದಿದ್ದರು. ಗುಮಾಸ್ತರು ಅದನ್ನು ತೆರೆದು, ಮನೆಯ ಪತ್ರವೆಂದು ತಿಳಿದೊಡನೆ ಮುಚ್ಚಿದರು. ಆದರೆ ಒಮ್ಮೆ ತೆರೆದ ಪತ್ರದ ಹೆಸರು ದಪ್ಪಕ್ಷರದಿಂದ ತೆಳುವಾಗಿಬಿಡುತ್ತದೆ. ರಾತ್ರಿ ಮೊಬೈಲಿನಲ್ಲಿ ಕಣ್ಣಾಡಿಸಿದ ವಕೀಲರು ಅದನ್ನು ತಾವು ಓದಿಯಾಗಿದೆ ಎಂದು ಮುಂದೆ ಸಾಗಿದರು. ನಾಲ್ಕು ದಿನ ಕಳೆದು ತಂಗಿ ದೂರವಾಣಿ ಮಾಡಿ “ಅಣ್ಣಾ, ಒಂದು ಸಾಲು ಉತ್ತರವೂ ಇಲ್ಲವಲ್ಲ” ಎಂದಾಗಲೇ ತಿಳಿದದ್ದು. ಇದಕ್ಕೆ ಪರಿಹಾರ ಅದೇ Grant access ಸಾಲಿನಲ್ಲಿದೆ. ಪ್ರತಿನಿಧಿ ತೆರೆದ ಪತ್ರ ಓದಿದ್ದೆಂದು ಗುರುತಾಗಬೇಕೇ, ಓದದ್ದೆಂದೇ ಉಳಿಯಬೇಕೇ ಎಂದು ಅಲ್ಲಿ ಆರಿಸಬಹುದು. ಎರಡನೆಯದನ್ನು ಆರಿಸಿಕೊಂಡರೆ ಯಜಮಾನರ ಕಣ್ಣಿಗೆ ಬೀಳದ ಪತ್ರ ಕಣ್ಣಿಗೆ ಬಿದ್ದಂತೆ ತೋರುವುದಿಲ್ಲ.

ಎರಡನೆಯ ಪ್ರಸಂಗ ಅಷ್ಟು ಸುಲಭದ್ದಾಗಿರಲಿಲ್ಲ. ಕಡಬದ ಕಡೆಯ ಹೆಣ್ಣುಮಗಳೊಬ್ಬರು ಗಂಡನಿಂದ ಬೇರೆಯಾಗುವ ವಿಚಾರದಲ್ಲಿ ಸಲಹೆ ಕೇಳಿ ವಕೀಲರಿಗೆ ಸುದೀರ್ಘವಾಗಿ ಬರೆದಿದ್ದರು. ಮನೆಯವರಿಗೂ ಹೇಳದ ಸಂಗತಿಗಳು ಅದರಲ್ಲಿದ್ದವು. ಪತ್ರವನ್ನು ಮೊದಲು ತೆರೆದವರು ಗುಮಾಸ್ತರು. ಆಕೆಯ ಗಂಡ ಅವರಿಗೆ ಸೋದರಮಾವನ ಮಗ. ಸಂಜೆ ವಕೀಲರು ಸುಳ್ಯದಿಂದ ಮರಳುವವರೆಗೂ ಅವರು ಕಾದು ಕುಳಿತಿದ್ದು, “ಸರ್, ನಾನು ಓದಬಾರದಿದ್ದ ಪತ್ರವೊಂದನ್ನು ಓದಿಬಿಟ್ಟೆ. ಅರ್ಧಕ್ಕೆ ನಿಲ್ಲಿಸಿದೆ. ಆದರೆ ಅರ್ಧ ಓದಿದ್ದು ಓದಿದ್ದೇ” ಎಂದರಂತೆ.

ಇಂಥಲ್ಲಿ ಕಾನೂನು ಏನು ಹೇಳುತ್ತದೆಂದು ನಾವು ವಕೀಲರನ್ನು ಕೇಳಿದೆವು. ಕಕ್ಷಿದಾರರು ಹೇಳಿದ್ದನ್ನು ವಕೀಲರು ಅವರ ಒಪ್ಪಿಗೆಯಿಲ್ಲದೆ ಹೊರಗೆಡಹಬಾರದೆಂದು 1872ರ ಸಾಕ್ಷ್ಯ ಅಧಿನಿಯಮದ 126ನೆಯ ಕಲಮು ವಿಧಿಸಿತ್ತು. 127ನೆಯ ಕಲಮು ಅದೇ ಕಟ್ಟಳೆಯನ್ನು ದುಭಾಷಿಗಳಿಗೂ ವಕೀಲರ ಗುಮಾಸ್ತರು, ಸೇವಕರಿಗೂ ಅನ್ವಯಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮಿನಲ್ಲಿ ಇವೆರಡೂ ಒಂದಾಗಿ ಮುಂದುವರಿದಿವೆ. ಹೀಗೆ ಗುಮಾಸ್ತರ ಬಾಯಿಗೆ ಕಾನೂನಿನ ಕಟ್ಟು ಇದೆ. ಆದರೆ ಕಾನೂನು ಬಾಯಿಯನ್ನು ಕಟ್ಟಬಲ್ಲುದು, ಕಣ್ಣನ್ನು ಕಟ್ಟಲಾರದು. ವಕೀಲರು ಆ ಹೆಣ್ಣುಮಗಳಿಗೆ ನಡೆದದ್ದನ್ನು ಮುಚ್ಚಿಡದೆ ತಿಳಿಸಿದರು. ಆಕೆ ಸಿಟ್ಟಾಗಲಿಲ್ಲ, ಕಾಗದಗಳನ್ನು ಹಿಂದಕ್ಕೆ ಪಡೆದು ಬೇರೆ ವಕೀಲರಲ್ಲಿಗೆ ಹೋದರು. ಗುಮಾಸ್ತರು ಇಂದಿಗೂ ಆ ವಿಷಯವನ್ನು ಬಂಧುಗಳಲ್ಲಿ ಎತ್ತಿಲ್ಲ. ಇಬ್ಬರೂ ಸಜ್ಜನರೇ, ತಪ್ಪಿದ್ದು ಪೆಟ್ಟಿಗೆಯ ವ್ಯವಸ್ಥೆ.

ಆ ತಪ್ಪು ಎಲ್ಲಿತ್ತೆಂದರೆ, ಜಿ-ಮೇಲ್‌ನ ಪ್ರತಿನಿಧಿ ವ್ಯವಸ್ಥೆಯಲ್ಲಿ ಒಳಕೋಣೆಯೆಂಬುದೇ ಇಲ್ಲ. ಹೊರಬಾಗಿಲು ತೆರೆದರೆ ಇಡೀ ಮನೆ ತೆರೆದಂತೆ. ನ್ಯಾಯಾಲಯದ ಪತ್ರಗಳನ್ನು ಮಾತ್ರ ತೋರಿಸು, ತಂಗಿಯ ಪತ್ರವನ್ನು ಮರೆಮಾಡು ಎಂದು ಹೇಳಲು ಅಲ್ಲಿ ಅವಕಾಶವಿಲ್ಲ. ಪತ್ರಗಳಿಗೆ ‘ಖಾಸಗಿ’ ಎಂಬ ಲೇಬಲ್ ಅಂಟಿಸಿದರೂ ಆ ಲೇಬಲನ್ನು ಒತ್ತಿದರೆ ಪ್ರತಿನಿಧಿಗೆ ಅವೆಲ್ಲವೂ ಒಂದೇ ಕಡೆ ಸಿಗುತ್ತವೆ. ಅಡಗಿಸುವ ಬದಲು ಆರಿಸಿಕೊಟ್ಟಂತಾಗುತ್ತದೆ.

ಇದಕ್ಕಿಂತಲೂ ಗಂಭೀರವಾದ ಇನ್ನೊಂದು ಸಂಗತಿಯಿದೆ. ಬೇರೆ ಬೇರೆ ಸೇವೆಗಳ ಪಾಸ್‌ವರ್ಡ್ ಮರೆತಾಗ ಹೊಸದನ್ನು ಹಾಕಿಕೊಳ್ಳುವ ಕೊಂಡಿಯೂ ಹಲವು ಒಟಿಪಿಗಳೂ ಇ-ಮೇಲ್‌ಗೇ ಬರುತ್ತವೆ. ಪೆಟ್ಟಿಗೆಯನ್ನು ಓದಬಲ್ಲವರು ಅವನ್ನೂ ಓದಬಲ್ಲರು. ಗುಮಾಸ್ತರು ಪ್ರಾಮಾಣಿಕರೇ ಇರಬಹುದು. ಆದರೆ ಅವರ ಸ್ವಂತ ಖಾತೆಯ ಪಾಸ್‌ವರ್ಡ್ ಮೂರನೆಯವರಿಗೆ ಸಿಕ್ಕರೆ ಆ ಮೂರನೆಯವರೂ ಅದೇ ಬಾಗಿಲಿನಿಂದ ಒಳಗೆ ಬರುತ್ತಾರೆ. ಆದ್ದರಿಂದ ಪ್ರತಿನಿಧಿಯ ಖಾತೆಗೂ ಎರಡು ಹಂತದ ರಕ್ಷಣೆ ಇದೆಯೇ ಎಂದು ಮೊದಲೇ ಕೇಳಿ ತಿಳಿಯಬೇಕು.

ವಕೀಲರು ಈಗ ಮಾಡಿಕೊಂಡಿರುವ ಏರ್ಪಾಡು ಹೀಗಿದೆ. ಕಚೇರಿಗೆಂದೇ ಒಂದು ಹೊಸ ಜಿ-ಮೇಲ್ ವಿಳಾಸ ತೆರೆದು, ಲೆಟರ್‌ಹೆಡ್ಡಿನಲ್ಲಿ ಅದನ್ನೇ ಅಚ್ಚು ಹಾಕಿಸಿದ್ದಾರೆ. ಗುಮಾಸ್ತರು ಪ್ರತಿನಿಧಿಯಾಗಿರುವುದು ಅದೊಂದಕ್ಕೆ ಮಾತ್ರ. ಹಳೆಯ ವಿಳಾಸವನ್ನು ಮನೆ, ಬ್ಯಾಂಕು ಮತ್ತು ಬಂಧುಗಳಿಗೆ ಉಳಿಸಿಕೊಂಡು, ಅಲ್ಲಿದ್ದ ಪ್ರತಿನಿಧಿಯ ಹೆಸರನ್ನು ಅದರ ಪಕ್ಕದಲ್ಲೇ ಇರುವ delete ಒತ್ತಿ ತೆಗೆದಿದ್ದಾರೆ. ಕುಟುಂಬ ವ್ಯಾಜ್ಯದ ಕಕ್ಷಿದಾರರಿಗೆ ಮೊದಲ ಭೇಟಿಯಲ್ಲಿಯೇ, “ಕಚೇರಿಯ ವಿಳಾಸಕ್ಕೆ ಬರೆದದ್ದನ್ನು ಗುಮಾಸ್ತರೂ ಓದುತ್ತಾರೆ, ನನಗೊಬ್ಬನಿಗೇ ಹೇಳಬೇಕಾದ್ದನ್ನು ಈ ಇನ್ನೊಂದು ವಿಳಾಸಕ್ಕೆ ಬರೆಯಿರಿ” ಎಂದು ಹೇಳಿ ಚೀಟಿ ಕೊಡುತ್ತಾರೆ. ಹಿಂದೆ ಲಕೋಟೆಯ ಮೂಲೆಯಲ್ಲಿ ‘ಖಾಸಗಿ’ ಎಂದು ಬರೆಯುತ್ತಿದ್ದುದರ ಸ್ಥಾನವನ್ನು ಈಗ ಈ ಚೀಟಿ ವಹಿಸಿದೆ.

ಎರಡು ವಿಳಾಸಗಳನ್ನು ನೋಡಿಕೊಳ್ಳುವುದು ಕಷ್ಟವೆನ್ನುವವರಿಗೆ ಇನ್ನೊಂದು ದಾರಿಯುಂಟು. ಪ್ರತಿನಿಧಿಯನ್ನೇ ನೇಮಿಸದೆ, ಸೆಟ್ಟಿಂಗ್ಸ್‌ನ Forwarding and POP/IMAP ವಿಭಾಗದಲ್ಲಿ ಸಹಾಯಕರ ವಿಳಾಸವನ್ನು ಸೇರಿಸಿ, ಅವರ ಒಪ್ಪಿಗೆ ಬಂದ ಬಳಿಕ, ಇಂಥಿಂಥ ವಿಳಾಸದಿಂದ ಬಂದ ಪತ್ರ ಮಾತ್ರ ಅವರಿಗೆ ಹೋಗಲಿ ಎಂದು ಒಂದು ಫಿಲ್ಟರ್ ಹಾಕಬಹುದು. ಆಗ ಅವರ ಕಣ್ಣಿಗೆ ಬೀಳುವುದು ಅಷ್ಟೇ. ಉಳಿದ ಪೆಟ್ಟಿಗೆ ಮುಚ್ಚಿರುತ್ತದೆ. ಆದರೆ ಅವರು ನಿಮ್ಮ ವಿಳಾಸದಿಂದ ಉತ್ತರ ಬರೆಯಲಾರರು. ಫಿಲ್ಟರ್ ಹಾಕುವ ಮೊದಲೇ ಬಂದ ಪತ್ರಗಳೂ ಅವರಿಗೆ ಹೋಗುವುದಿಲ್ಲ. ಓದಿ ನೆನಪಿಸುವುದಷ್ಟೇ ಬೇಕಾದಲ್ಲಿ ಇದು ಸಾಕು.

ಸಂಸ್ಥೆಗಳಲ್ಲಿ ದುಡಿಯುವ ನಮ್ಮ ಓದುಗರಲ್ಲಿ ಕೆಲವರು ಮೈಕ್ರೋಸಾಫ್ಟಿನ ಔಟ್‌ಲುಕ್ ಬಳಸುತ್ತಿರಬಹುದು. ಅಲ್ಲಿ ಒಳಕೋಣೆಗಳುಂಟು. Reviewer ಎಂದರೆ ಓದಬಲ್ಲವರು, Author ಎಂದರೆ ಓದಿ ಹೊಸದನ್ನು ಸೇರಿಸಬಲ್ಲವರು, Editor ಎಂದರೆ ಇದ್ದುದನ್ನು ತಿದ್ದಿ ಅಳಿಸಲೂ ಬಲ್ಲವರು; ಈ ಅಧಿಕಾರವನ್ನು ಫೋಲ್ಡರಿಗೆ ತಕ್ಕಂತೆ ಬೇರೆ ಬೇರೆಯಾಗಿ ಕೊಡಬಹುದು. Delegate can see my private items ಎಂಬ ಚೌಕವೂ ಅಲ್ಲಿದೆ. ಅದನ್ನು ಖಾಲಿ ಬಿಟ್ಟರೆ ಖಾಸಗಿಯೆಂದು ಗುರುತಿಸಿದವು ಮರೆಯಾಗುತ್ತವೆ. ಆದರೆ ಅದನ್ನು ಪೂರ್ಣವಾಗಿ ನೆಚ್ಚಬಾರದು. ಅದು ಪರದೆಯೇ ಹೊರತು ಬೀಗವಲ್ಲ. ನಿಜವಾಗಿ ಗುಟ್ಟಾಗಿರಬೇಕಾದ ಪತ್ರಗಳನ್ನು ಪ್ರತಿನಿಧಿಗೆ ಅಧಿಕಾರವೇ ಇಲ್ಲದ ಬೇರೊಂದು ಫೋಲ್ಡರಿನಲ್ಲಿ ಇಡುವುದೇ ಸರಿ.

ಯಾವ ಏರ್ಪಾಡು ಮಾಡಿದರೂ ಅದು ಸರಿಯಾಗಿದೆಯೆಂದು ತಿಳಿಯಲು ಒಂದೇ ಪರೀಕ್ಷೆ ಸಾಕು. ನೀವೇ ನಿಮಗೆ ಎರಡು ಪತ್ರ ಬರೆಯಿರಿ: ಒಂದು ಸಹಾಯಕರು ನೋಡಬೇಕಾದದ್ದು, ಇನ್ನೊಂದು ನೋಡಬಾರದ್ದು. ಬಳಿಕ ಅವರ ಪಕ್ಕದಲ್ಲಿ ಕುಳಿತು, ಅವರ ಪರದೆಯಲ್ಲಿ ಏನು ಕಾಣುತ್ತದೆಂದು ನೋಡಿ. ನಮ್ಮ ವಕೀಲರು ಹಾಗೆ ಮಾಡಿದಾಗ ಗುಮಾಸ್ತರು ಎರಡನೆಯ ಪತ್ರಕ್ಕಾಗಿ ಪೆಟ್ಟಿಗೆಯೆಲ್ಲ ಹುಡುಕಿ, “ಇಲ್ಲ ಸರ್, ಕಾಣುವುದಿಲ್ಲ” ಎಂದು ನಿಟ್ಟುಸಿರು ಬಿಟ್ಟರಂತೆ. ಆ ನಿಟ್ಟುಸಿರು ತಮ್ಮದಕ್ಕಿಂತ ದೊಡ್ಡದಾಗಿತ್ತು ಎಂದು ವಕೀಲರು ನಮಗೆ ಹೇಳಿದರು.