ಹಬ್ಬದ ಬೆಳಗು ಮತ್ತು ವಿಳಾಸವಿಲ್ಲದ ಹಾರೈಕೆ

ಠಾಣೆ–ಬೇಲಾಪುರ ರಸ್ತೆಯ ಮಹಾಪೆಯಲ್ಲಿ ದುಡಿದು, ಅದರ ಆಸುಪಾಸಿನ ಘನ್ಸೋಲಿ, ಕೋಪರ್‌ಖೈರಣೆಗಳ ಹೌಸಿಂಗ್ ಸೊಸೈಟಿಗಳಲ್ಲಿ ನೆಲೆಸಿರುವ ನಮ್ಮಂಥ ಹೊರನಾಡ ಕನ್ನಡಿಗರಿಗೆ ಯುಗಾದಿ ಈಗ ಬೇವು–ಬೆಲ್ಲದ ಬಟ್ಟಲಿಗಿಂತ ಮೊದಲು ಮೊಬೈಲಿನ ಪರದೆಯ ಮೇಲೆ ಮೂಡುತ್ತದೆ. ಅದೇ ದಿನ ಮರಾಠಿ ನೆರೆಯವರಿಗೆ ಗುಢಿ ಪಾಡವಾ. ಹೀಗಾಗಿ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಸೂರ್ಯೋದಯಕ್ಕೆ ಮುನ್ನವೇ ಗುಢಿಯ ಚಿತ್ರ, ಮಾವಿನ ತೋರಣದ ಚಿತ್ರ, ಮಿನುಗುವ ಕಲಶದ ಚಿತ್ರ ಒಂದರ ಹಿಂದೊಂದು ಬರತೊಡಗುತ್ತವೆ. ಕಳಿಸಿದವರೆಲ್ಲ ನಮ್ಮ ನೆರೆಯವರು, ಒಳ್ಳೆಯ ಮನಸ್ಸಿನವರು. ಆದರೂ ಎಂಟು ಗಂಟೆಯ ಹೊತ್ತಿಗೆ ಆ ಚಿತ್ರಗಳಲ್ಲಿ ಒಂದನ್ನಾದರೂ ನಿಂತು ಓದಿದವರು ಯಾರೂ ಇರುವುದಿಲ್ಲ. ಹಾರೈಸಿದವರೂ ಓದುವುದಿಲ್ಲ, ಹಾರೈಸಿಕೊಂಡವರೂ ಓದುವುದಿಲ್ಲ. ಈ ವಿಚಿತ್ರ ಸ್ಥಿತಿ ಹೇಗೆ ಉಂಟಾಯಿತು, ಇದನ್ನು ಯಾರ ಮನಸ್ಸೂ ನೋಯದಂತೆ ಹೇಗೆ ಸರಿಪಡಿಸಬಹುದು ಎಂಬುದನ್ನು ಇಲ್ಲಿ ವಿಚಾರಿಸಬಯಸುತ್ತೇವೆ.

ಸಾಮಾನ್ಯವಾಗಿ ಕೇಳಿಬರುವ ದೂರೆಂದರೆ, ಇವೆಲ್ಲ ಎರವಲು ಮಾತುಗಳು, ಕಳಿಸುವವರ ಸ್ವಂತದ್ದೇನೂ ಇಲ್ಲ ಎಂಬುದು. ಈ ದೂರು ನಮಗೆ ಅಷ್ಟು ಸಮರ್ಪಕವೆನಿಸದು. ಹಾರೈಕೆಯ ಮಾತು ಎಂದೂ ಬಹುಮಟ್ಟಿಗೆ ಎರವಲೇ. ನಮ್ಮ ತಂತಿ ಇಲಾಖೆಯಲ್ಲಿ ಶುಭಾಶಯಗಳಿಗೆಂದೇ ಸಿದ್ಧ ವಾಕ್ಯಗಳ ಒಂದು ಪಟ್ಟಿಯಿತ್ತು. ದೀಪಾವಳಿಗೊಂದು, ಈದ್‌ಗೊಂದು, ಮದುವೆಗೊಂದು. ಪ್ರತಿ ವಾಕ್ಯಕ್ಕೂ ಒಂದು ಸಂಖ್ಯೆ. ಅರ್ಜಿಯಲ್ಲಿ ಸಂಖ್ಯೆ ಬರೆದರೆ ಸಾಕು, ಆಚೆ ತುದಿಯ ಕಚೇರಿಯಲ್ಲಿ ಅದು ವಾಕ್ಯವಾಗಿ ಮೂಡುತ್ತಿತ್ತು. ಇದಕ್ಕಿಂತ ಯಾಂತ್ರಿಕವಾದ ಹಾರೈಕೆಯನ್ನು ಊಹಿಸುವುದು ಕಷ್ಟ. ಆದರೂ ಮದುವೆಮನೆಗೆ ಬಂದ ಆ ತಂತಿಗಳನ್ನು ಜೋಪಾನವಾಗಿ ಕಾದಿಟ್ಟ ಮನೆಗಳುಂಟು. 2013ರ ಜುಲೈಯಲ್ಲಿ ತಂತಿ ಸೇವೆ ನಿಂತಾಗ ಕೊನೆಯ ದಿನ ಕಚೇರಿಗಳ ಮುಂದೆ ಜನ ಸಾಲುಗಟ್ಟಿದ್ದರು. ವಾಕ್ಯ ಇಲಾಖೆಯದಾದರೂ ಮೇಲೆ ಪಡೆಯುವವರ ಹೆಸರಿತ್ತು, ಕೆಳಗೆ ಕಳಿಸಿದವರ ಹೆಸರಿತ್ತು. ನಡುವಿನ ಮಾತು ಎಷ್ಟೇ ಸವೆದದ್ದಾಗಿರಲಿ, ಈ ಎರಡು ಹೆಸರುಗಳು ಅದನ್ನು ಒಬ್ಬರಿಂದ ಒಬ್ಬರಿಗೆ ಸಲ್ಲುವ ವಸ್ತುವನ್ನಾಗಿ ಮಾಡುತ್ತಿದ್ದವು. ಅಂಗಡಿಯಿಂದ ಕೊಂಡು ತಂದ ಶುಭಾಶಯ ಪತ್ರದ ಬಗೆಯೂ ಇದೇ: ಒಳಗಿನ ಸಾಲು ಅಚ್ಚಿನದು, ಲಕೋಟೆಯ ಮೇಲಿನ ವಿಳಾಸ ಕೈಬರಹದ್ದು.

ಸೊಸೈಟಿಯ ಗುಂಪಿಗೆ ರವಾನೆಯಾಗುವ ಚಿತ್ರದಲ್ಲಿ ಇಲ್ಲವಾಗಿರುವುದು ಈ ವಿಳಾಸ. ನೂರೈವತ್ತು ಜನರಿಗೆ ಒಟ್ಟಾಗಿ ಹೇಳಿದ ಮಾತು ಯಾರೊಬ್ಬರಿಗೂ ಹೇಳಿದಂತಾಗುವುದಿಲ್ಲ. ಹಾರೈಕೆಯ ಸ್ವಭಾವ ಮರುನುಡಿಯನ್ನು ಬೇಡುವುದು. ‘ನಿಮಗೂ’ ಎಂಬ ಒಂದು ಮಾತಿನಿಂದಲೇ ಅದು ಪೂರ್ಣವಾಗುತ್ತದೆ. ಗುಂಪಿನಲ್ಲಿ ಅರವತ್ತು ಜನ ಹಾರೈಸಿದರು, ಪ್ರತಿಯೊಬ್ಬರೂ ಉಳಿದ ಐವತ್ತೊಂಬತ್ತು ಮಂದಿಗೆ ಮರುನುಡಿದರು ಎಂದಿಟ್ಟುಕೊಂಡರೆ 3540 ಸಂದೇಶಗಳಾಗುತ್ತವೆ. ಹಾಗೆ ಯಾರೂ ಮಾಡಲಾರರು. ಆದ್ದರಿಂದ ಯಾರೂ ಯಾರಿಗೂ ಮರುನುಡಿಯುವುದಿಲ್ಲ. ಪ್ರತಿಯೊಬ್ಬರೂ ತಮ್ಮದೊಂದು ಚಿತ್ರವನ್ನು ಹಾಕಿ ಋಣ ತೀರಿತೆಂದು ಸುಮ್ಮನಾಗುತ್ತಾರೆ. ಹತ್ತು ಜನ ಹಾಕಿದ ಮೇಲೆ ಹನ್ನೊಂದನೆಯವರಿಗೆ ಸುಮ್ಮನಿರುವುದು ಒರಟುತನವೆನಿಸಿ ಅವರೂ ಹಾಕುತ್ತಾರೆ. ಚಿತ್ರಗಳ ಸಾಲು ಬೆಳೆಯುವುದು ಹೀಗೆ, ಪ್ರೀತಿಗಿಂತ ಹೆಚ್ಚಾಗಿ ಸಂಕೋಚದಿಂದ.

ಇದರಿಂದ ಆಗುವ ನಷ್ಟವೇನು? ಮೊಬೈಲಿನ ಜಾಗ ತುಂಬುತ್ತದೆಂಬುದು ಹಳೆಯ ಮಾತು. ಭಾರತದ ಫೋನುಗಳು ಬೆಳಗಿನ ಶುಭಾಶಯದ ಚಿತ್ರಗಳಿಂದಲೇ ತುಂಬಿ ನಿಧಾನವಾಗುತ್ತಿವೆ ಎಂದು ಗೂಗಲ್ಲಿನ ಸಂಶೋಧಕರು ಕಂಡುಕೊಂಡುದನ್ನು 2018ರ ಜನವರಿಯಲ್ಲಿ ‘ವಾಲ್ ಸ್ಟ್ರೀಟ್ ಜರ್ನಲ್’ ವರದಿ ಮಾಡಿತ್ತು. ಚಿತ್ರಗಳನ್ನು ಅಳಿಸಬಹುದು, ಜಾಗ ಮರಳಿ ಸಿಗುತ್ತದೆ. ಅಳಿಸಿದರೂ ಮರಳದ ನಷ್ಟ ಬೇರೆ. ಒಂದು ಉದಾಹರಣೆ ಎತ್ತಿಕೊಳ್ಳೋಣ. ಹಬ್ಬದ ದಿನ ಬೆಳಿಗ್ಗೆ ಏಳಕ್ಕೆ ಪಂಪು ಕೆಟ್ಟಿತು. ‘ಹತ್ತು ಗಂಟೆಗೆ ನೀರು ನಿಲ್ಲುತ್ತದೆ, ತುಂಬಿಸಿಕೊಳ್ಳಿ’ ಎಂದು ಕಾರ್ಯದರ್ಶಿಗಳು ಗುಂಪಿನಲ್ಲಿ ಬರೆದರು. ಎಂಟೂವರೆಯ ಹೊತ್ತಿಗೆ ಆ ಸಾಲಿನ ಮೇಲೆ ನಲವತ್ತು ಚಿತ್ರಗಳು ಬಂದು ಕೂತಿವೆ. ಹಬ್ಬದ ಅಡುಗೆಯ ನಡುವೆ ಗೃಹಿಣಿ ಗುಂಪನ್ನು ತೆರೆದು, ಮೂರು ಕಲಶ, ನಾಲ್ಕು ಗುಢಿ ನೋಡಿ, ಉಳಿದದ್ದೂ ಇದೇ ಎಂದು ಮುಚ್ಚುತ್ತಾಳೆ. ಹತ್ತಕ್ಕೆ ನಲ್ಲಿ ಒಣಗುತ್ತದೆ. ಕಾರ್ಯದರ್ಶಿಗಳು ತಿಳಿಸಿದ್ದು ನಿಜ, ಆಕೆಗೆ ತಿಳಿಯದಿದ್ದದ್ದೂ ನಿಜ. ಇದಕ್ಕೂ ಮುಂದಿನ ಹಂತವೆಂದರೆ ಬೇಸತ್ತವರು ಗುಂಪಿನ ಸದ್ದನ್ನೇ ಅಡಗಿಸಿಬಿಡುವುದು. ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಮಲಗುವವರು ನಮ್ಮ ಈ ಭಾಗದಲ್ಲಿ ಕಡಿಮೆಯಿಲ್ಲ. ಐದೂವರೆಯಿಂದಲೇ ಫೋನು ಕುಟುಕತೊಡಗಿದರೆ ಅವರಾದರೂ ಏನು ಮಾಡಿಯಾರು? ಒಮ್ಮೆ ಸದ್ದಡಗಿಸಿದ ಗುಂಪಿನಲ್ಲಿ ಮುಂದೊಂದು ದಿನ ಯಾರಾದರೂ ‘ಕೂಡಲೇ ರಕ್ತ ಬೇಕು’ ಎಂದು ಬರೆದರೂ ಅದು ಅವರ ಕಿವಿಗೆ ಬೀಳದು.

ಎರಡನೆಯ ನಷ್ಟ ಇನ್ನೂ ಸೂಕ್ಷ್ಮವಾದುದು. ಎಲ್ಲರಿಗೂ ಒಂದೇ ಹಾರೈಕೆ ಎಂದಾಗ, ಯಾರ ಮನೆಯಲ್ಲಿ ಏನಿದೆ ಎಂಬ ಗಮನ ತಪ್ಪುತ್ತದೆ. ನಮ್ಮ ಕಟ್ಟಡಗಳ ಒಂದೊಂದು ಮಹಡಿಯಲ್ಲಿಯೂ ಎರಡು ಮೂರು ಪಂಚಾಂಗಗಳು ನಡೆಯುತ್ತವೆ. ಚಾಂದ್ರಮಾನ ಯುಗಾದಿ ನಮಗೆ ಹೊಸ ವರ್ಷ. ಅದೇ ಕನ್ನಡ ಬಲ್ಲ ತುಳುನಾಡಿನ ನೆರೆಯವರಿಗೆ ಹೊಸ ವರ್ಷವೆಂದರೆ ಏಪ್ರಿಲ್ ನಡುವಿನ ಬಿಸು. ಮಲಯಾಳಿಗಳ ವಿಷು, ತಮಿಳರ ಪುತ್ತಾಂಡು ಬರುವುದೂ ಆಗಲೇ. ಗುಜರಾತಿಗಳ ಹೊಸ ವರ್ಷ ದೀಪಾವಳಿ ಅಮಾವಾಸ್ಯೆಯ ಮರುದಿನದ ಪಾಡ್ಯ, ನಮ್ಮ ಬಲಿಪಾಡ್ಯಮಿ. ಕೆಲವು ದಿನಗಳಿಗಂತೂ ಶುಭಾಶಯವೇ ಸಲ್ಲದು. ಗುಡ್ ಫ್ರೈಡೆ ಕ್ರೈಸ್ತರಿಗೆ ಶಿಲುಬೆಯ ಯಾತನೆಯ ದಿನ. ಮೊಹರಮ್ಮಿನ ಹತ್ತನೆಯ ದಿನ ಶಿಯಾ ಮುಸಲ್ಮಾನರಿಗೆ ಶೋಕದ ದಿನ. ಆ ದಿನಗಳಂದು ಹೂಗುಚ್ಛದ ಚಿತ್ರ ಹಾಕುವವರಿಗೆ ದುರುದ್ದೇಶವೇನಿಲ್ಲ, ಬಂದುದನ್ನು ಹಾಗೇ ದಾಟಿಸುತ್ತಾರೆ. ಇನ್ನು ಯಾರದೋ ಮನೆಯಲ್ಲಿ ಸಾವು ಸಂಭವಿಸಿ ಆ ವರ್ಷ ಹಬ್ಬವಿಲ್ಲ. ಅಂಥ ಮನೆಗೆ ನೆಂಟರು, ನೆರೆಯವರು ತಾವೇ ತಿಂಡಿ ಒಯ್ದುಕೊಡುವ ರೂಢಿ ನಮ್ಮಲ್ಲಿ ಹಲವೆಡೆ ಉಂಟು. ಆ ಮನೆಯವರು ಬೆಳಿಗ್ಗೆ ಎದ್ದು ನೋಡಿದರೆ ಗುಂಪಿನಲ್ಲಿ ನಲವತ್ತು ಬಾರಿ ‘ಸಂಭ್ರಮಿಸಿ’ ಎಂದಿರುತ್ತದೆ. ತಮ್ಮನ್ನು ನೆನೆದು ಬರೆದ ಒಂದು ಸಾಲೂ ಇರುವುದಿಲ್ಲ.

ಹಾಗಿದ್ದರೆ ಮಾಡಬಹುದಾದುದೇನು? ಎರಡು ಕೆಲಸಗಳನ್ನು ಬೇರ್ಪಡಿಸಬೇಕೆಂಬುದು ನಮ್ಮ ಅಭಿಪ್ರಾಯ. ಸೊಸೈಟಿಯು ಒಂದು ಸಂಸ್ಥೆಯಾಗಿ ಹಾರೈಸುವುದು ಒಂದು, ನೆರೆಯವರು ನೆರೆಯವರಿಗೆ ಹಾರೈಸುವುದು ಇನ್ನೊಂದು. ಮೊದಲನೆಯದಕ್ಕೆ ಒಂದೇ ಸಂದೇಶ ಸಾಕು. ಹಬ್ಬದ ಹಿಂದಿನ ಸಂಜೆಯೋ, ಬೆಳಿಗ್ಗೆ ಎಂಟರ ಮೇಲೋ ಸಮಿತಿಯ ಪರವಾಗಿ ಒಬ್ಬರು ಬರೆಯಲಿ, ಆ ದಿನ ಬೇಕಾದ ಸಂಗತಿಗಳೂ ಅದರಲ್ಲಿರಲಿ: ಅಂಗಳದ ರಂಗೋಲಿ ಎಷ್ಟು ಗಂಟೆಗೆ, ಕಸದ ಗಾಡಿ ಬರುತ್ತದೋ ಇಲ್ಲವೋ, ಕಾವಲುಗಾರರಿಗೆ ಹಬ್ಬದ ಊಟ ಯಾರ ಮನೆಯಿಂದ. ಉಳಿದವರು ಹೊಸ ಸಂದೇಶ ಬರೆಯದೆ ಅದರ ಮೇಲೆಯೇ ಬೆರಳೊತ್ತಿ ಕೈಮುಗಿಯುವ ಚಿಹ್ನೆಯನ್ನು ಅಂಟಿಸಲಿ. ನೂರು ಜನ ಅಂಟಿಸಿದರೂ ಗುಂಪಿನಲ್ಲಿ ಒಂದು ಸಾಲೂ ಹೆಚ್ಚುವುದಿಲ್ಲ. ನೀರು, ಲಿಫ್ಟು, ವಿದ್ಯುತ್ತಿನ ಸೂಚನೆಗಳಿಗೆ ನಿರ್ವಾಹಕರಷ್ಟೇ ಬರೆಯಬಲ್ಲ ಪ್ರತ್ಯೇಕ ಗುಂಪೊಂದನ್ನು ಮಾಡಿದರೆ, ಹರಟೆಯ ಗುಂಪಿನ ಸದ್ದಡಗಿಸಿದವರಿಗೂ ಮುಖ್ಯವಾದುದು ತಪ್ಪದು. ವಾಟ್ಸಾಪಿನಲ್ಲಿ ಈ ವ್ಯವಸ್ಥೆ 2018ರಿಂದಲೇ ಇದೆ.

ಎರಡನೆಯದು, ನೆರೆಯವರಿಗೆ ಹೇಳುವ ಹಾರೈಕೆ, ಗುಂಪಿನ ಹೊರಗೆ ನಡೆಯಬೇಕು. ಅದು ಎಲ್ಲರಿಗೂ ಸಲ್ಲಬೇಕಾಗಿಲ್ಲ. ನಿಜವಾಗಿ ಒಡನಾಟವಿರುವ ಐದಾರು ಮನೆಗಳಿಗೆ ಸಾಕು. ‘ಕಾಕು, ಪಾಡವ್ಯಾಚ್ಯಾ ಶುಭೇಚ್ಛಾ. ನೀವು ಕಲಿಸಿದಂತೆ ಈ ಸಲ ಪುರಣಪೋಳಿ ಮಾಡುತ್ತಿದ್ದೇವೆ, ಮಧ್ಯಾಹ್ನ ಎರಡು ಕಳಿಸುತ್ತೇವೆ, ರುಚಿ ನೋಡಿ ಹೇಳಬೇಕು’ ಎಂದು ನಾಲ್ಕನೆಯ ಮಹಡಿಯ ಮರಾಠಿ ಕಾಕುವಿಗೆ ಬರೆದರೆ, ಅದರಲ್ಲಿ ಸಾಹಿತ್ಯವೇನಿಲ್ಲ. ಆದರೆ ಅದನ್ನು ಇನ್ನೊಬ್ಬರಿಗೆ ದಾಟಿಸಲು ಬರುವುದಿಲ್ಲ. ಹಾರೈಕೆ ಸ್ವಂತದ್ದೇ ಎಂದು ತಿಳಿಯಲು ನಮ್ಮ ಒರೆಗಲ್ಲು ಇಷ್ಟೇ: ಅದೇ ಸಾಲನ್ನು ಬೇರೆ ಮನೆಗೆ ಕಳಿಸಿದರೆ ಅಸಂಬದ್ಧವಾಗಬೇಕು. ಹಬ್ಬವಿಲ್ಲದ ಮನೆಗೆ ಬರೆಯುವುದಾದರೆ ‘ಶುಭಾಶಯ’ದ ಪದವೇ ಬೇಡ, ‘ಸಂಜೆ ಬಂದು ಹೋಗುತ್ತೇವೆ, ಅಡುಗೆಯ ಚಿಂತೆ ಮಾಡಬೇಡಿ’ ಎಂದರೆ ಸಾಕು. ಒಂದೇ ಒಕ್ಕಣೆಯನ್ನು ಒಮ್ಮೆಗೇ ಹಲವರಿಗೆ ಪ್ರತ್ಯೇಕ ಸಂದೇಶದಂತೆ ತಲುಪಿಸುವ ‘ಬ್ರಾಡ್‌ಕಾಸ್ಟ್’ ಎಂಬ ಉಪಾಯವುಂಟು. ಅದು ಲಕೋಟೆಯನ್ನು ನಟಿಸುತ್ತದೆ, ಹೆಸರನ್ನು ಬರೆಯಲಾರದು. ಪಡೆದವರು ಮೊದಲ ಸಾಲಿನಲ್ಲೇ ಗುರುತಿಸುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಲವು ಸೊಸೈಟಿಗಳು ‘ಶುಭಾಶಯ ನಿಷಿದ್ಧ’ ಎಂದು ನಿಯಮ ಮಾಡಿ, ಉಲ್ಲಂಘಿಸಿದವರನ್ನು ಎಲ್ಲರೆದುರೇ ಗದರುತ್ತವೆ. ಇದಕ್ಕೆ ನಮ್ಮ ಸಮ್ಮತಿಯಿಲ್ಲ. ನಿತ್ಯವೂ ಹೂವಿನ ಚಿತ್ರ ಹಾಕುವವರು ಯಾರೆಂದು ಗಮನಿಸಿ ನೋಡಿ. ಬಹುಪಾಲು ಅವರು ಧಾರವಾಡದಿಂದಲೋ ಉಡುಪಿಯಿಂದಲೋ ಮಕ್ಕಳ ಮನೆಗೆ ಬಂದು ನೆಲೆಸಿದ ಹಿರಿಯರು. ಮಗ, ಸೊಸೆ ಮಹಾಪೆಯ ಕಚೇರಿಗೆ ಹೊರಟ ಮೇಲೆ ಸಂಜೆಯವರೆಗೆ ಒಬ್ಬರೇ ಇರುವವರು. ಅವರ ಪಾಲಿಗೆ ಆ ಚಿತ್ರ ಹಾರೈಕೆಗಿಂತ ಹೆಚ್ಚಾಗಿ ಒಂದು ಹಾಜರಿ: ‘ಎದ್ದಿದ್ದೇನೆ, ಚೆನ್ನಾಗಿದ್ದೇನೆ.’ ಅದನ್ನು ನಿಯಮದಿಂದ ನಿಲ್ಲಿಸಿದರೆ ಗುಂಪು ಚೊಕ್ಕಟವಾದೀತು, ಆ ಹಾಜರಿಯನ್ನು ಹಾಕಿಕೊಳ್ಳುವವರು ಮಾತ್ರ ಯಾರೂ ಇರುವುದಿಲ್ಲ. ಅಂಥವರಿಗೆ ನಿಯಮವನ್ನು ತಿಳಿಸುವ ಮೊದಲು ಅದೇ ಮಹಡಿಯ ಒಬ್ಬರು ‘ಅಜ್ಜಾ, ನಿಮ್ಮ ಚಿತ್ರ ಇನ್ನುಮುಂದೆ ನನಗೇ ಕಳಿಸಿ, ನಾನು ದಿನವೂ ಉತ್ತರ ಬರೆಯುತ್ತೇನೆ’ ಎಂದು ಹೇಳಿ, ಹೇಳಿದಂತೆ ನಡೆದುಕೊಳ್ಳಬೇಕು. ಒಂದು ದಿನ ಹತ್ತು ಗಂಟೆಯಾದರೂ ಆ ಚಿತ್ರ ಬಾರದಿದ್ದರೆ ಹೋಗಿ ಬಾಗಿಲು ತಟ್ಟಬೇಕು. ನೂರೈವತ್ತು ಜನರ ಗುಂಪಿನಲ್ಲಿ ಒಂದು ಚಿತ್ರ ಕಡಿಮೆಯಾದುದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕಾಗಿ ಕಾದಿರುವ ಒಬ್ಬರಿಗೆ ಮಾತ್ರ ಅದು ಗೊತ್ತಾಗುತ್ತದೆ.