ಶಾಪವು ವ್ರತವಾದಾಗ

ವಸಂತ್ ಕುಂಜ್‌ನ ಕನ್ನಡಿಗರಿಗೆ ದಸರೆಯೆಂದರೆ ರಾವಣದಹನದ ಪಟಾಕಿಸದ್ದು. ಆದರೆ ನಾಗಚಂದ್ರನು ಸುಮಾರು 1100ರಲ್ಲಿ ರಚಿಸಿದ 'ರಾಮಚಂದ್ರಚರಿತ ಪುರಾಣ'ದ ರಾವಣನು ಹತ್ತು ತಲೆಯ ರಕ್ಕಸನಲ್ಲ. ವಿದ್ಯೆಗಳನ್ನು ಸಾಧಿಸಿದ ವಿದ್ಯಾಧರ, ಜಿನಭಕ್ತ.

ಇದು ಬರಿಯ ಔದಾರ್ಯವಲ್ಲ. ಜೈನಪುರಾಣಗಳಲ್ಲಿ ರಾವಣನು 63 ಶಲಾಕಾಪುರುಷರಲ್ಲೊಬ್ಬನಾದ ಪ್ರತಿವಾಸುದೇವ. ಅವನು ಕೆಡುವುದು ಹುಟ್ಟಿನಿಂದಲ್ಲ, ಸ್ವಂತ ಕರ್ಮದಿಂದ. ಅವನನ್ನು ಕೊಲ್ಲುವವನೂ ರಾಮನಲ್ಲ, ವಾಸುದೇವನಾದ ಲಕ್ಷ್ಮಣ.

ಮುಖ್ಯ ಬದಲಾವಣೆ ಇನ್ನೂ ಸೂಕ್ಷ್ಮವಾದುದು. ವಾಲ್ಮೀಕಿಯಲ್ಲಿ ಒಲ್ಲದ ಹೆಣ್ಣನ್ನು ಬಲಾತ್ಕರಿಸದಂತೆ ರಾವಣನನ್ನು ತಡೆಯುವುದು ಶಾಪಭಯ. ಉತ್ತರಕಾಂಡದಲ್ಲಿ ಆ ಶಾಪವಿತ್ತವನು ನಳಕೂಬರ. ನಾಗಚಂದ್ರನಲ್ಲಿ ತಡೆಯುವುದು ರಾವಣನೇ ಕೈಕೊಂಡ ವ್ರತ. ನಳಕೂಬರನ ಮಡದಿ ಉಪರಂಭೆ ತಾನಾಗಿ ಒಲಿದು ಬಂದರೂ ಅವನು ತಿಳಿಹೇಳಿ ಹಿಂದಿರುಗಿಸುತ್ತಾನೆ. ಅಂಥವನೇ ಸೀತೆಯನ್ನು ಕದ್ದು ತರುತ್ತಾನೆ. ಕೊನೆಗೆ, ತನ್ನ ಬೆದರಿಕೆಯ ಮಾತಿಗೆ ಅವಳು ಮೂರ್ಛೆಹೋದುದನ್ನು ಕಂಡು ಮನಸ್ಸು ತಿರುಗುತ್ತದೆ. ಆದರೂ ಈಗಲೇ ಒಪ್ಪಿಸಿದರೆ ಹೇಡಿಯೆಂದಾರೆಂದು, ರಾಮಲಕ್ಷ್ಮಣರನ್ನು ಗೆದ್ದು ಬಳಿಕ ಒಪ್ಪಿಸುವೆನೆಂದು ಯುದ್ಧಕ್ಕೆ ಹೊರಡುತ್ತಾನೆ. ಅವನನ್ನು ಕೊಂದುದು ಕಾಮವಲ್ಲ, ಅಭಿಮಾನ.

ಇಂಥ ಚಿತ್ರಣ ರಾವಣನನ್ನು ಕ್ಷಮಿಸುತ್ತದೆಂಬ ಆಕ್ಷೇಪವನ್ನು ನಾನು ಒಪ್ಪಲಾರೆ. ಶಾಪಕ್ಕೆ ಹೆದರಿದವನಿಗೆ ಹೊಣೆ ಕಡಿಮೆ. ವ್ರತ ಹಿಡಿದೂ ಜಾರಿದವನಿಗೆ ಹೆಚ್ಚು. ರಕ್ಕಸನ ಪ್ರತಿಕೃತಿಯನ್ನು ಸುಟ್ಟು ನಿಶ್ಚಿಂತರಾಗಿ ಮನೆಗೆ ಮರಳಬಹುದು. ತಿಳಿದೂ ತಪ್ಪಿದವನ ಕಥೆ ನಮ್ಮೊಡನೆ ಮನೆಯೊಳಕ್ಕೆ ಬರುತ್ತದೆ.