ಮೇಣದ ಮುಖದ ವಧೂವರರು

ಮದುವೆಗೆಂದು ಮನೆಯಿಂದ ಮನೆಗೆ ತಿರುಗುವ ಭಾವಚಿತ್ರಗಳಲ್ಲಿ ಈಚೆಗೆ ಮನುಷ್ಯರ ಮುಖ ಕಾಣುವುದೇ ಅಪರೂಪವಾಗಿದೆ. ಸೀರೆಯ ಜರಿ ಎಳೆ ಎಳೆಯಾಗಿ ಸ್ಪಷ್ಟ. ಕೆನ್ನೆ ಮಾತ್ರ ಮೇಣ! "ಎಲ್ಲರೂ ಹಾಗೆ ಮಾಡಿಸುತ್ತಾರೆ, ನಾವೊಬ್ಬರು ಬಿಟ್ಟರೆ ಹಿಂದೆ ಬಿದ್ದೇವು" ಎಂಬುದು ತಾಯಿತಂದೆಯರ ಸಮಾಧಾನ. ಈ ಸಮಾಧಾನವನ್ನು ನಾನು ಒಪ್ಪಲಾರೆ.

ತಿದ್ದುವುದೇ ಪಾಪವೆಂದು ನನ್ನ ವಾದವಲ್ಲ. ಹಿಂದಿನ ಸ್ಟುಡಿಯೋಗಳಲ್ಲಿಯೂ ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲಿನಿಂದ ಕಲೆ, ಸುಕ್ಕುಗಳನ್ನು ಮರೆಸುತ್ತಿದ್ದರು. ಪ್ರಶ್ನೆಯಿರುವುದು ಏನನ್ನು, ಎಷ್ಟು ತಿದ್ದಬೇಕೆಂಬುದರಲ್ಲಿ. ನನ್ನ ಅಳತೆಗೋಲು ಸರಳ: ಹದಿನೈದು ದಿನದಲ್ಲಿ ತಾನಾಗಿ ಮಾಯುವುದನ್ನು ಅಳಿಸಬಹುದು, ಮಾಯದೆ ಉಳಿಯುವುದನ್ನು ಉಳಿಸಬೇಕು. ಮೊಡವೆ ಹೋಗಲಿ, ಮಚ್ಚೆ, ಗಾಯದ ಗುರುತು, ಮೈಬಣ್ಣ ಇರಲಿ. ಗಂಡುಮಕ್ಕಳ ನರೆಗೂ, ಹಿಂದೆ ಸರಿದ ಹಣೆಗೂ ಇದೇ ನ್ಯಾಯ.

ನನ್ನ ತಮ್ಮನ ಮಗಳ ಚಿತ್ರವನ್ನೇ ನೋಡಿ. ಸ್ಟುಡಿಯೋ ಒಂದರವರು ಕೊಟ್ಟ ಪ್ರತಿಯಲ್ಲಿ ಗಲ್ಲದ ಮಚ್ಚೆ ಇರಲಿಲ್ಲ. ಮುಖ ಬಿಳುಪು, ಕತ್ತು ಮಾತ್ರ ಗೋಧಿಬಣ್ಣ. ದವಡೆಯನ್ನು ಸಣ್ಣದು ಮಾಡುವ ಭರದಲ್ಲಿ ಹಿಂದಿನ ಬಾಗಿಲ ಚೌಕಟ್ಟೂ ಬಾಗಿಹೋಗಿತ್ತು. ಹುಡುಗಿ ಅದನ್ನು ಬದಿಗಿಟ್ಟು, ಬೆಳಗಿನ ಹೊತ್ತು ಕಿಟಕಿಯ ಕಡೆ ಮುಖ ಮಾಡಿ ನಿಂತಳು. ಅವಳ ಅಣ್ಣ ಮೊಬೈಲಿನ 'ಬ್ಯೂಟಿ' ಸೌಲಭ್ಯವನ್ನು ನಿಲ್ಲಿಸಿ, ಆರು ಅಡಿ ದೂರದಿಂದ ಹಿಂಬದಿಯ ಕ್ಯಾಮೆರಾದಲ್ಲಿ ತೆಗೆದ. ತೋಳಿನಳತೆಯ ಸೆಲ್ಫಿಯಲ್ಲಿ ಮೂಗು ಉಬ್ಬಿ ಕಿವಿಗಳು ಹಿಂದೆ ಸರಿಯುತ್ತವೆ. ದೂರ ನಿಂತರೆ ಮುಖ ತನ್ನ ಪ್ರಮಾಣಕ್ಕೆ ಬರುತ್ತದೆ. ಆಮೇಲೆ ಹಣೆಯ ಒಂದು ಮೊಡವೆಯನ್ನು ಅಳಿಸಿ, ಬೆಳಕನ್ನು ತುಸು ಏರಿಸಿದರು. ಅಷ್ಟೇ.

ನುಣುಪು ಹೆಚ್ಚಾಯಿತೇ ಎಂದು ತಿಳಿಯಬೇಕಾದರೆ ಚಿತ್ರವನ್ನು ದೊಡ್ಡದು ಮಾಡಿ ಕಣ್ಣಿನ ಕೆಳಭಾಗವನ್ನು ನೋಡಿ. ಅಲ್ಲಿಯ ಸಣ್ಣ ಗೆರೆಗಳೂ ಹುಬ್ಬಿನ ಬಿಡಿಬಿಡಿ ಕೂದಲೂ ಕಾಣಬೇಕು. ಆದರೆ ಈ ಪರೀಕ್ಷೆ ಮೂಲ ಪ್ರತಿಯಲ್ಲೇ ನಡೆಯಬೇಕು. ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ದಾಟಿದ ಚಿತ್ರ ತಾನಾಗಿಯೇ ಮಸುಕಾಗಿರುತ್ತದೆ, ಅದನ್ನು ನೋಡಿ ಯಾರನ್ನೂ ದೂರಬಾರದು.

ಇನ್ನು ಚಿತ್ರದ ವಯಸ್ಸು. ವರ್ಷದೊಳಗಿನದಾದರೆ ಸಾಕೆನ್ನುತ್ತಾರೆ. ಸಾಲದು, ನಡುವೆ ಕನ್ನಡಕ ಬಂದಿದ್ದರೆ, ಗಡ್ಡ ಬಿಟ್ಟಿದ್ದರೆ, ಮೈ ತುಂಬಿದ್ದರೆ ಅಥವಾ ಇಳಿದಿದ್ದರೆ ಮೂರು ತಿಂಗಳ ಚಿತ್ರವೂ ಹಳೆಯದೇ.

"ಮಚ್ಚೆ ಕಂಡರೆ ಸಂಬಂಧ ತಪ್ಪೀತು" ಎನ್ನುವವರಿಗೆ ನನ್ನದೊಂದು ಪ್ರಶ್ನೆ. ನೋಡಲು ಬಂದವರು ಹಜಾರಕ್ಕೆ ಕಾಲಿಟ್ಟಾಗ ಆ ಮಚ್ಚೆಯನ್ನು ಎಲ್ಲಿ ಬಚ್ಚಿಡುವಿರಿ? ಬೇಡವೆನ್ನುವವರು ಚಿತ್ರ ನೋಡಿಯೇ ಬೇಡವೆನ್ನಲಿ. ಹುಡುಗಿಗೆ ಅವಮಾನ ತಪ್ಪುತ್ತದೆ. ನಿಮಗೆ ಉಪ್ಪಿಟ್ಟು, ಕೇಸರಿಬಾತು ಉಳಿಯುತ್ತದೆ.